ಸ್ಲೈಡಿನಲ್ಲಿ ಊರು ಬೇಡ, ವಾರ ಇರಲಿ

ಪತ್ರ: “ಸೋಪು, ಪೇಸ್ಟು, ಬಿಸ್ಕತ್ತು ಮಾರುವ 11 ಜನರ ತಂಡ ನನ್ನದು. ಹೋದ ಕ್ವಾರ್ಟರ್‌ನಲ್ಲಿ ಮಾರಾಟ ಶೇ. 12.5ರಷ್ಟು ಬಿತ್ತು. ಸೋಮವಾರದ ಕಿಕ್‌ಆಫ್‌ನಲ್ಲಿ ಮೊದಲ ಮಾತು ನನ್ನದು. ಯಾರನ್ನೂ ನೋಯಿಸದೆ ಹುರುಪು ತುಂಬುವುದು ಹೇಗೆ? ಊರುವಾರು ಪಟ್ಟಿ ತೋರಿಸಿದರೆ ತಪ್ಪೇ?”
— ಏರಿಯಾ ಸೇಲ್ಸ್ ಮ್ಯಾನೇಜರ್, ಹುಬ್ಬಳ್ಳಿ

ತಪ್ಪೇ, ಸ್ವಾಮಿ. ಊರಿಗೊಬ್ಬನೇ ಹುಡುಗನಿರುವ ತಂಡದಲ್ಲಿ ‘ಗದಗ’ ಎಂದು ಬರೆದರೆ ಅವನ ಹೆಸರು ಬರೆದಂತೆಯೇ. ‘ಕೆಲವರು ಹಿಂದೆ ಬಿದ್ದರು’ ಎಂದರೂ ಅಷ್ಟೇ, ಎಲ್ಲರ ಕಣ್ಣು ಅವನ ಮೇಲೇ. ಕೆಲಸ ಮಾಡದವರನ್ನು ಕೇಳಬಾರದೆಂದಲ್ಲ; ಅದು ಇಬ್ಬರೇ ಕೂತು ಆಡುವ ಮಾತು.

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ: ಮಾರಾಟ ಬಿದ್ದದ್ದು ಎಲ್ಲಿ? ದಿನಕ್ಕೆ ಎಷ್ಟು ಅಂಗಡಿಗೆ ಹೋದರು, ಎಷ್ಟರಲ್ಲಿ ಬಿಲ್ ಆಯಿತು, ಒಂದು ಬಿಲ್ ಸರಾಸರಿ ಎಷ್ಟು, ಈ ಮೂರನ್ನು ಇಡೀ ತಂಡದ ಲೆಕ್ಕದಲ್ಲಿ ವಾರವಾರಕ್ಕೆ ತೆಗೆದು ಸ್ಲೈಡಿಗೆ ಹಾಕಿ. ಮೊದಲು ಒಬ್ಬೊಬ್ಬರು ದಿನಕ್ಕೆ 40 ಅಂಗಡಿ ಸುತ್ತಿ, 24ರಲ್ಲಿ 800 ರೂಪಾಯಿಯಂತೆ ಬಿಲ್ ಮಾಡುತ್ತಿದ್ದರು ಎನ್ನಿ: 19,200. ಈಗಲೂ 40 ಅಂಗಡಿ, ಅದೇ 800, ಆದರೆ ಬಿಲ್ 21ಕ್ಕೇ ನಿಂತಿದೆ: 16,800. ನಿಮ್ಮ ಶೇ. 12.5 ಅಲ್ಲಿಗೆ ಸಿಕ್ಕಿತು. ಹುಡುಗರು ಸುತ್ತುವುದನ್ನು ಬಿಟ್ಟಿಲ್ಲ. ಆ ಮೂರು ಅಂಗಡಿಯವರು ಯಾಕೆ ‘ಬೇಡ’ ಎಂದರು? ಹತ್ತು ರೂಪಾಯಿಯ ಪ್ಯಾಕು ಡಿಸ್ಟ್ರಿಬ್ಯೂಟರ್ ಬಳಿ ಯಾವ ವಾರ ಖಾಲಿಯಿತ್ತೆಂದು ಸ್ಟಾಕ್ ಪುಸ್ತಕ ತೆರೆದು ನೋಡಿ. ಬಿಲ್ ಇಳಿದ ವಾರಗಳೂ ಅವೇ ಆಗಿದ್ದರೆ ಕೊರತೆ ಸರಬರಾಜಿನದು.

ಕಾರಣ ಹೊರಗಿನದೂ ಇರಬಹುದು. ಉದಾಹರಣೆಗೆ, 2025ರ ಸೆಪ್ಟೆಂಬರ್ 3ರಂದು ಸೋಪು, ಪೇಸ್ಟು, ಬಿಸ್ಕತ್ತಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಲಿದೆ ಎಂದು ಘೋಷಣೆಯಾಯಿತು, ಜಾರಿಯಾದದ್ದು 22ಕ್ಕೆ. ನಡುವಿನ ದಿನಗಳಲ್ಲಿ ವ್ಯಾಪಾರಿಗಳು ಹಳೇ ದರದ ಮಾಲು ಖಾಲಿ ಮಾಡಲು ನೋಡಿದರು, ಹೊಸದಾಗಿ ಎತ್ತಲು ಹಿಂಜರಿದರು. ಆ ವಾರಗಳ ಕುಸಿತಕ್ಕೆ ಸೇಲ್ಸ್‌ಮನ್ ಏನು ಮಾಡಿಯಾನು?

ಭಾಷಣ ಹತ್ತು ನಿಮಿಷ ದಾಟದಿರಲಿ. ಮೊದಲ ನಿಮಿಷದಲ್ಲೇ ಅಂಕಿ ಹೇಳಿಬಿಡಿ. ಅದನ್ನು ಮುಚ್ಚಿಟ್ಟು ಹುರಿದುಂಬಿಸಲು ಹೊರಟರೆ ಯಾರೂ ನಂಬುವುದಿಲ್ಲ. ಆಮೇಲೆ, ಕೊರತೆ ಸರಬರಾಜಿನದೇ ಎಂದು ಲೆಕ್ಕದಲ್ಲಿ ಕಂಡಿದ್ದರೆ, ಹೀಗೆನ್ನಿ: “ನೀವು ಸುತ್ತಿದ ಅಂಗಡಿ ಒಂದೂ ಕಮ್ಮಿಯಾಗಿಲ್ಲ. ಮಾಲು ತಲುಪಿಸುವುದರಲ್ಲಿ ನಾವು ಸೋತೆವು. ಇನ್ನು ಪ್ರತಿ ಶುಕ್ರವಾರ ಡಿಸ್ಟ್ರಿಬ್ಯೂಟರ್ ಸ್ಟಾಕ್ ನಾನೇ ನೋಡುತ್ತೇನೆ. ನೀವು ದಿನಕ್ಕೆ ಮೂರು ಬಿಲ್ ಹೆಚ್ಚು ತನ್ನಿ.” ದೊಡ್ಡ ಟಾರ್ಗೆಟ್ ಕೇಳಿ ತಲೆ ತಗ್ಗಿಸುವವನಿಗೂ ಮೂರು ಬಿಲ್ ಎಂದರೆ ಯಾವ ಅಂಗಡಿ ಎಂದು ಹೊಳೆಯುತ್ತದೆ. ಒಬ್ಬನನ್ನೇ ಎದ್ದು ನಿಲ್ಲಿಸಿ ಹೊಗಳಬೇಡಿ, ಉಳಿದ ಹತ್ತು ಜನರಿಗೆ ಅದು ಬೈಗುಳವಾಗಿಯೇ ಕೇಳಿಸುತ್ತದೆ.

ನನ್ನ ಸಿಟ್ಟು ನಿಮ್ಮ ಮೇಲಲ್ಲ, ಕ್ವಾರ್ಟರ್ ಮುಗಿಯುವ ವಾರ ಡಿಸ್ಟ್ರಿಬ್ಯೂಟರ್ ಗೋಡೌನಿಗೆ ಮಾಲು ತುರುಕಿಸುವ ಮೇಲಿನವರ ಮೇಲೆ. ಕಾಗದದಲ್ಲಿ ಟಾರ್ಗೆಟ್ ಮುಟ್ಟುತ್ತದೆ, ಅಂಗಡಿಗೆ ಹೋದದ್ದು ಅಷ್ಟಕ್ಕಷ್ಟೆ. ಮುಂದಿನ ತಿಂಗಳು ಹೊಸ ಆರ್ಡರ್ ಬರದಿದ್ದಾಗ ಸಭೆಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾದವನು ಬೀಟ್ ಸುತ್ತುವ ಹುಡುಗ! ನಿಮ್ಮ ಕುಸಿತದಲ್ಲಿ ಈ ಪಾಲು ಎಷ್ಟೆಂದು ಸೋಮವಾರದೊಳಗೆ ಲೆಕ್ಕ ಹಾಕಿ, ಅದನ್ನೂ ಅದೇ ಸ್ಲೈಡಿನಲ್ಲಿ ಹಾಕಿ.