ಹುಕ್ಕಿನಲ್ಲಿ ಸ್ಟ್ರೆಸ್ ಸೊನ್ನೆಯಾಗುವುದು ಎಲ್ಲಿ?

"ಸರ್, ಕ್ರೇನ್ ಹುಕ್ಕಿನ ಸ್ಟ್ರೆಸ್ ಬಗ್ಗೆ ಲೇಖನ ಕಳಿಸಿದ್ದೇನೆ. ಎರಡು ಟನ್ ಹುಕ್ಕಿನ ಲೆಕ್ಕವೂ ಇದೆ. ಓದುಗರಿಗೆ ಲೆಕ್ಕ ಭಾರವಾಗುತ್ತದೇನೋ ಅಂತ ಅನುಮಾನ. ತೆಗೆದುಹಾಕಲೇ? ಬೇರೆ ತಪ್ಪಿದ್ದರೂ ಮುಲಾಜಿಲ್ಲದೆ ಹೇಳಿ."

ಲೆಕ್ಕ ತೆಗೆಯಬೇಡಿ, ಲೇಖನದ ಜೀವ ಇರುವುದೇ ಅದರಲ್ಲಿ. ಆದರೆ ಈಗಿರುವ ಲೆಕ್ಕ ತಪ್ಪಾಗಿದೆ. ಈ ರೂಪದಲ್ಲಿ ಲೇಖನ ಹಾಕಲಾರೆ.

ಮೊದಲ ಪುಟದಲ್ಲಿ ನೀವೇ "ಬಾಗಿದ ಬೀಮಿಗೆ ನೇರ ಬೀಮಿನ ಸೂತ್ರ ಸಲ್ಲದು" ಎಂದಿದ್ದೀರಿ. ಮೂರನೇ ಪುಟದಲ್ಲಿ ಅದೇ ನೇರ ಸೂತ್ರ ಹಾಕಿ ಒಳಬದಿಯಲ್ಲಿ 35 ಮೆಗಾಪ್ಯಾಸ್ಕಲ್ ಎಂದು ಬರೆದಿದ್ದೀರಿ. ನಿಮ್ಮದೇ ಹುಕ್ ತಗೊಳ್ಳೋಣ. ಒಳ ತ್ರಿಜ್ಯ 40 ಮಿ.ಮೀ., ಹೊರ ತ್ರಿಜ್ಯ 120, ದಪ್ಪ 50. ಛೇದ ಆಯತಾಕಾರ, ಭಾರ 20 ಕಿಲೋನ್ಯೂಟನ್.

ಈ ಹುಕ್ಕಿನಿಂದ ಮೂರು ಡಿಗ್ರಿಯಷ್ಟು ಸಣ್ಣ ತುಂಡು ಕತ್ತರಿಸಿದ್ದೇವೆ ಅಂದುಕೊಳ್ಳಿ. ಅದರ ಒಳ ಅಂಚಿನ ಉದ್ದ ಸುಮಾರು 2.1 ಮಿ.ಮೀ., ಹೊರ ಅಂಚಿನದು 6.3. ಭಾರ ತೂಗಿದಾಗ ಹುಕ್ ಬಿಚ್ಚಿಕೊಳ್ಳಲು ನೋಡುತ್ತದೆ, ತುಂಡಿನ ಮುಖಗಳು ಸ್ವಲ್ಪ ತಿರುಗುತ್ತವೆ. ಮುಖಗಳು ಸಪಾಟಾಗಿಯೇ ಉಳಿಯುತ್ತವೆ. ಆದರೆ ಒಳಗಿನ ಎಳೆ ಮೊದಲೇ ಗಿಡ್ಡ. ಅಷ್ಟೇ ಎಳೆದರೂ ಉದ್ದಕ್ಕೆ ಹೋಲಿಸಿದರೆ ಅದು ಮೂರು ಪಟ್ಟು ಹಿಗ್ಗಿದಂತೆ. ಸ್ಟ್ರೆಸ್ ಒಳಗಡೆ ಜಾಸ್ತಿಯಾಗುವುದು ಇದರಿಂದ. ಎಳೆತ ಮತ್ತು ಒತ್ತು ಎರಡೂ ಸರಿದೂಗಬೇಕಲ್ವಾ? ಹಾಗಾಗಿ ಬೆಂಡಿಂಗ್ ಸ್ಟ್ರೆಸ್ ಸೊನ್ನೆಯಾಗುವ ಗೆರೆ, ಅಂದರೆ ನ್ಯೂಟ್ರಲ್ ಆಕ್ಸಿಸ್, ಒಳಕ್ಕೆ ಸರಿಯುತ್ತದೆ. ನಿಮ್ಮ ಲೇಖನದಲ್ಲಿ "ಸರಿಯುತ್ತದೆ" ಅಂತ ಇದೆ, ಯಾಕೆ ಅಂತ ಇಲ್ಲ. ಈ ತುಂಡನ್ನು ಚಿತ್ರ ಬರೆದು ತೋರಿಸಿ.

ಈಗ ಲೆಕ್ಕ. ri, ro ಒಳ ಮತ್ತು ಹೊರ ತ್ರಿಜ್ಯಗಳು, h ಅವುಗಳ ನಡುವಿನ ಎತ್ತರ, rn ನ್ಯೂಟ್ರಲ್ ಆಕ್ಸಿಸ್‌ನ ತ್ರಿಜ್ಯ, R ಸೆಂಟ್ರಾಯ್ಡ್‌ನ, ಅಂದರೆ ಛೇದದ ಕ್ಷೇತ್ರಫಲದ ಕೇಂದ್ರಬಿಂದುವಿನ ತ್ರಿಜ್ಯ. A ಕ್ಷೇತ್ರಫಲ, P ಭಾರ, M ಬೆಂಡಿಂಗ್ ಮೊಮೆಂಟ್, r ಸ್ಟ್ರೆಸ್ ನೋಡಬೇಕಾದ ಜಾಗದ ತ್ರಿಜ್ಯ. 1858ರಲ್ಲಿ ವಿಂಕ್ಲರ್ ಕೊಟ್ಟ ಸಿದ್ಧಾಂತದಂತೆ ಆಯತಾಕಾರದ ಛೇದಕ್ಕೆ:

```
rn = h / ln(ro/ri) = 80 / ln 3 = 72.82
e  = R - rn = 80 - 72.82 = 7.18
σ  = P/A + M(rn - r) / (A e r)
```

ಭಾರದ ಗೆರೆ ಬಾಗಿನ ಕೇಂದ್ರದ ಮೂಲಕ ಹಾದರೆ M ಅಂದರೆ P ಗುಣಿಸು R, 16 ಲಕ್ಷ ನ್ಯೂಟನ್-ಮಿ.ಮೀ. ಆಗ ಒಳ ಅಂಚಿನಲ್ಲಿ ಬೆಂಡಿಂಗಿನಿಂದ 45.7, ನೇರ ಎಳೆತದಿಂದ 5, ಒಟ್ಟು 50.7 ಮೆಗಾಪ್ಯಾಸ್ಕಲ್. ನೀವು ಹೇಳಿದ 35ಕ್ಕಿಂತ ಶೇ. 45ರಷ್ಟು ಹೆಚ್ಚು. ಹೊರ ಅಂಚಿನಲ್ಲಿ ಉಲ್ಟಾ: ನೀವು 25ರ ಒತ್ತು ಎಂದಿದ್ದೀರಿ, ನಿಜಕ್ಕೂ ಇರುವುದು 16.9. ಅಪಾಯ ಇರುವ ಕಡೆ ನೇರ ಸೂತ್ರ ಕಡಿಮೆ ತೋರಿಸುತ್ತದೆ, ಇಲ್ಲದ ಕಡೆ ಜಾಸ್ತಿ. ಓದುಗರಿಗೆ ಇದನ್ನು ಬಿಡಿಸಿ ಹೇಳಲೇಬೇಕು. e ಲೆಕ್ಕ ಹಾಕುವಾಗ ಹುಷಾರು. ಅದು ಎರಡು ದೊಡ್ಡ ಸಂಖ್ಯೆಗಳ ಸಣ್ಣ ವ್ಯತ್ಯಾಸ. rn ಅನ್ನು ಸುಮ್ನೆ 73 ಅಂತ ಮಾಡಿಕೊಂಡರೆ ಬೆಂಡಿಂಗ್ ಸ್ಟ್ರೆಸ್ 45.7 ಹೋಗಿ 47.1 ಆಗುತ್ತದೆ. ಬಾಗು ಕಡಿಮೆ ಇದ್ದಷ್ಟೂ e ಚಿಕ್ಕದಾಗಿ ಈ ಕಾಟ ಹೆಚ್ಚು.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. "ತೂಗುತ್ತಿರುವ ಹುಕ್ಕಿನಲ್ಲಿ ಸ್ಟ್ರೆಸ್ ಸೊನ್ನೆಯಾಗುವುದು ಒಳಕ್ಕೆ ಸರಿದ ನ್ಯೂಟ್ರಲ್ ಆಕ್ಸಿಸ್‌ನಲ್ಲಿ" ಎಂದು ಬರೆದಿದ್ದೀರಿ. ಅಲ್ಲಿ ಸೊನ್ನೆಯಾಗುವುದು ಬೆಂಡಿಂಗಿನ ಪಾಲು ಮಾತ್ರ. ನೇರ ಎಳೆತದ 5 ಅಲ್ಲೂ ಇದ್ದೇ ಇದೆ. ಈಗ r ಜಾಗದಲ್ಲಿ 80 ಹಾಕಿ, ಅಂದರೆ ಛೇದದ ಸೆಂಟ್ರಾಯ್ಡ್‌ಗೆ ಬನ್ನಿ. ಮೇಲೂ ಕೆಳಗೂ 7.18 ಹೊಡೆದುಹೋಗಿ ಬೆಂಡಿಂಗ್ ಸರಿಯಾಗಿ ಮೈನಸ್ 5 ಬರುತ್ತದೆ. 5ಕ್ಕೆ 5 ವಜಾ, ಒಟ್ಟು ಸೊನ್ನೆ! ಭಾರ ಬಾಗಿನ ಕೇಂದ್ರದ ಮೂಲಕ ಹಾದರೆ ಯಾವ ಆಕಾರದ ಛೇದವಾದರೂ ಹೀಗೇ ಆಗುತ್ತದೆ. ಬೆಂಡಿಂಗಿನ ಸೊನ್ನೆ ಒಳಕ್ಕೆ ಹೋಗುತ್ತದೆ, ಒಟ್ಟು ಸ್ಟ್ರೆಸ್ಸಿನ ಸೊನ್ನೆ ಸೆಂಟ್ರಾಯ್ಡ್‌ಗೆ ವಾಪಸ್ ಬರುತ್ತದೆ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದದ್ದು ಇದೇ. ನಿಮ್ಮ ಲೇಖನ ಇದರ ಹತ್ತಿರ ಬಂದು ತಪ್ಪು ಕಡೆ ತಿರುಗಿದೆ. ಭಾರ ಕೇಂದ್ರ ಬಿಟ್ಟು ಹುಕ್ಕಿನ ತುದಿಯ ಕಡೆ ಜಾರಿ ಕೂತರೆ ಈ ಮಾತು ನಿಲ್ಲುವುದಿಲ್ಲ ಅಂತಲೂ ಸೇರಿಸಿ.

ಟ್ರಪೀಜಿಯಂ ಛೇದಕ್ಕೆ ಕೊಟ್ಟಿರುವ ಒಂದೂವರೆ ಪುಟ ಜಾಸ್ತಿಯಾಯಿತು. ಒಂದು ಹೋಲಿಕೆ ಸಾಕು. ಒಳಬದಿ 70, ಹೊರಬದಿ 30 ಮಿ.ಮೀ. ಅಗಲ ಮಾಡಿ, ಎತ್ತರ 80 ಹಾಗೇ ಇಡಿ. ಕ್ಷೇತ್ರಫಲ ಅದೇ 4000, ಅಂದರೆ ಕಬ್ಬಿಣ ಹೆಚ್ಚುಕಮ್ಮಿ ಅಷ್ಟೇ. ಒಳ ಅಂಚಿನ 50.7 ಇಳಿದು 43.8 ಆಗುತ್ತದೆ, ಹೊರ ಅಂಚಿನ 16.9 ಏರಿ 19.1 ಆಗುತ್ತದೆ. ಹುಕ್ಕುಗಳು ಒಳಗಡೆ ದಪ್ಪ, ಹೊರಗಡೆ ಸಪೂರ ಇರುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಕೊನೆಯ ಗ್ರಾಫನ್ನು ಹೊಸದಾಗಿ ಬರೆಯಿರಿ. ಬೆಂಡಿಂಗಿನದು ಒಂದು ಗೆರೆ, ಒಟ್ಟು ಸ್ಟ್ರೆಸ್ಸಿನದು ಇನ್ನೊಂದು. ಎರಡೂ ಬಾಗಿದ ಗೆರೆಗಳೇ ಆಗಿರಲಿ. 72.8 ಮತ್ತು 80 ಎಂಬ ಎರಡು ಜಾಗಗಳನ್ನು ಬೇರೆ ಬೇರೆ ಗುರುತಿಸಿ ಕಳಿಸಿ, ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.