ಸಾರಿನ ಪುಡಿಗೆ ಮೂರು ಸಾವಿರ: ಜಾಹೀರಾತೆಂದು ಹೇಳುವುದು ಹೇಗೆ, ಎಲ್ಲಿ?

ಪ್ರಶ್ನೆ: ಡೊಂಬಿವಲಿಯಲ್ಲಿದ್ದು ಇನ್‌ಸ್ಟಾಗ್ರಾಮಿಗೆ ಕನ್ನಡದಲ್ಲಿ ಅಡುಗೆಯ ರೀಲ್ಸ್ ಮಾಡುತ್ತೇನೆ. ಫಾಲೋವರ್‌ಗಳು 8,000 ದಾಟಿಲ್ಲ. ಥಾಣೆಯ ಸಣ್ಣ ಮಸಾಲೆ ತಯಾರಕರೊಬ್ಬರು ಒಂದು ನಿಮಿಷದ ರೀಲ್‌ಗೆ 3,000 ರೂಪಾಯಿ ಮತ್ತು ನಾಲ್ಕು ಪೊಟ್ಟಣ ಸಾರಿನ ಪುಡಿ ಕೊಡುತ್ತಿದ್ದಾರೆ. ‘ಜಾಹೀರಾತು’ ಎಂದು ಹೇಳಲು ಬಾಯಿ ಬರುತ್ತಿಲ್ಲ. ಕೊನೆಯಲ್ಲಿ ‘ನನ್ನ ಜೊತೆ ಕೈಜೋಡಿಸಿದ ಬಳಗಕ್ಕೆ ಧನ್ಯವಾದ’ ಎಂದರೆ ಸಾಲದೇ?

ಉತ್ತರ: ಸಾಲದು. ಕರಿಬೇವು ಕೊಟ್ಟ ಪಕ್ಕದ ಮನೆಯವರಿಗೂ ನಾವು ಧನ್ಯವಾದ ಹೇಳುತ್ತೇವೆ; ಆ ಮಾತಿನಿಂದ ಹಣ ಕೈಸೇರಿದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಅದೂ ಅಲ್ಲದೆ, ಕೊನೆಯ ಸೆಕೆಂಡು ಬರುವ ಹೊತ್ತಿಗೆ ಎಷ್ಟೋ ನೋಡುಗರು ಮುಂದಿನ ರೀಲ್‌ಗೆ ಹೋಗಿಬಿಟ್ಟಿರುತ್ತಾರೆ.

ಮುಂಬಯಿಯಲ್ಲೇ ಕಚೇರಿ ಇರುವ ಭಾರತೀಯ ಜಾಹೀರಾತು ಮಾನಕ ಮಂಡಳಿಯ, ಅಂದರೆ ಆಸ್ಕಿಯ, ನಿಯಮಗಳು 2021ರ ಜೂನ್ 14ರಿಂದ ಜಾರಿಯಲ್ಲಿವೆ. ಹಣವಿಲ್ಲದೆ ಬರೀ ಪೊಟ್ಟಣ ಬಂದರೂ ಅವು ಅನ್ವಯಿಸುತ್ತವೆ. ಫಾಲೋವರ್‌ಗಳು ಕಡಿಮೆ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಹದಿನೈದು ಸೆಕೆಂಡಿಗಿಂತ ಉದ್ದದ, ಎರಡು ನಿಮಿಷಕ್ಕಿಂತ ಕಡಿಮೆಯ ವಿಡಿಯೋದಲ್ಲಿ ಇದು ಜಾಹೀರಾತು ಎಂದು ತಿಳಿಸುವ ಲೇಬಲ್ ಒಟ್ಟು ಅವಧಿಯ ಮೂರನೇ ಒಂದು ಭಾಗದಷ್ಟು ಹೊತ್ತು ಪರದೆಯ ಮೇಲೆ ಇರಬೇಕು; ನಿಮ್ಮ ಒಂದು ನಿಮಿಷದ ರೀಲ್‌ಗೆ ಅದು 20 ಸೆಕೆಂಡು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರತಂದ ಕೈಪಿಡಿಯಂತೆ ವಿಡಿಯೋದಲ್ಲಿ ಇದನ್ನು ಬಾಯಿಂದ ಹೇಳಲೂಬೇಕು, ಅಕ್ಷರದಲ್ಲಿ ತೋರಿಸಲೂಬೇಕು. ಹ್ಯಾಶ್‌ಟ್ಯಾಗ್‌ಗಳ ರಾಶಿಯಲ್ಲಿ ತುರುಕಿದರೆ ಅಥವಾ ಪ್ರೊಫೈಲ್‌ನಲ್ಲಿ ಒಮ್ಮೆ ಬರೆದಿಟ್ಟರೆ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಪದದ ವಿಷಯ. ‘ಪ್ರಾಯೋಜಿತ’ ತಪ್ಪಲ್ಲವಾದರೂ ಒಗ್ಗರಣೆಯ ಸದ್ದಿನ ನಡುವೆ ಸರ್ಕಾರಿ ಪ್ರಕಟಣೆಯಂತೆ ಕೇಳಿಸುತ್ತದೆ. ‘ಸಹಯೋಗ’ಕ್ಕೆ ನಿಯಮದ ಒಪ್ಪಿಗೆ ಇದೆ, ಆದರೆ ಇಬ್ಬರು ಗೆಳತಿಯರು ಒಟ್ಟಿಗೆ ಅಡುಗೆ ಮಾಡಿದರೂ ಅದೇ ಪದ ಬಳಸುವುದರಿಂದ ನಾನು ಅದನ್ನು ಆರಿಸುವುದಿಲ್ಲ. ‘ಜಾಹೀರಾತು’ ಎಲ್ಲರಿಗೂ ಗೊತ್ತಿರುವ ಪದ. ಮುಜುಗರ ಹುಟ್ಟುವುದು ಆ ಪದದಿಂದಲ್ಲ, ಅದನ್ನು ತಡವಾಗಿ, ತಗ್ಗಿದ ದನಿಯಲ್ಲಿ, ‘ಆದರೂ ನಂಬಿ’ ಎಂಬ ಬೇಡಿಕೆಯ ಜೊತೆಗೆ ಹೇಳುವುದರಿಂದ.

ನಿಮ್ಮ ರೀಲ್ ಹೀಗೆ ಶುರುವಾಗಬಹುದು: ‘ಇದು ಜಾಹೀರಾತು. ಈ ಸಾರಿನ ಪುಡಿ ಮಾಡುವವರು ನನಗೆ ಹಣವನ್ನೂ ನಾಲ್ಕು ಪೊಟ್ಟಣವನ್ನೂ ಕೊಟ್ಟಿದ್ದಾರೆ. ಎರಡು ವಾರ ಬಳಸಿದ್ದೇನೆ. ಖಾರ ತುಸು ಹೆಚ್ಚು, ನಾಲ್ಕು ಜನರ ಸಾರಿಗೆ ಒಂದೂವರೆ ಚಮಚ ಸಾಕು.’ ಹತ್ತು ಸೆಕೆಂಡಿನೊಳಗೆ ಇಷ್ಟು ಹೇಳಬಹುದು, ಮತ್ತು ಮೂರನೆಯ ವಾಕ್ಯಕ್ಕೆ ಬರುವಾಗ ನೀವು ಆಗಲೇ ಅಡುಗೆಯ ಮಾತಿಗೆ ಹೊರಳಿರುತ್ತೀರಿ. ಮೊತ್ತ ಹೇಳಬೇಕಿಲ್ಲ. ಆದರೆ ಹಣವನ್ನೂ ಪಡೆದು ‘ಉಡುಗೊರೆಯಾಗಿ ಕಳಿಸಿದರು’ ಎನ್ನುವುದು ಅರ್ಧ ಸತ್ಯ. ಮನೆಯಲ್ಲಿ ನೀವು ಆಡುವುದು ಧಾರವಾಡದ ಕನ್ನಡವಾದರೆ ‘ರೊಕ್ಕ ಕೊಟ್ಟಾರ್ರೀ’ ಎಂದರೂ ಸರಿ. ಉಳಿದ ರೀಲ್‌ನ ಭಾಷೆಯಲ್ಲೇ ಹೇಳಿದಾಗ ಅದು ಹೊರಗಿನಿಂದ ತಂದು ಅಂಟಿಸಿದಂತೆ ಕೇಳಿಸುವುದಿಲ್ಲ. ಎರಡು ವಾರ ನಿಜಕ್ಕೂ ಬಳಸದಿದ್ದರೆ ಆ ವಾಕ್ಯವನ್ನು ಬಿಟ್ಟುಬಿಡಿ.

ಹೆಚ್ಚಿನವರು ಜಾರುವುದು ‘ಇದು ನನ್ನ ಪ್ರಾಮಾಣಿಕ ಅಭಿಪ್ರಾಯ’ ಎಂಬಲ್ಲಿ. ತಯಾರಕರು ಮಾತುಗಳನ್ನು ಮೊದಲೇ ನೋಡಿ, ಖಾರದ ಸಂಗತಿಯನ್ನು ತೆಗೆಸಿಹಾಕಿದ್ದರೆ, ಆಮೇಲೆ ಆ ವಾಕ್ಯ ಸುಳ್ಳಾಗುತ್ತದೆ. ಆದ್ದರಿಂದ ಮುಂಗಡ ಪಡೆಯುವ ಮೊದಲೇ ವಾಟ್ಸ್ಯಾಪಿನಲ್ಲಿ ಎರಡು ಸಾಲು ಕಳಿಸಿ ಒಪ್ಪಿಗೆ ಪಡೆಯಿರಿ: ಜಾಹೀರಾತೆಂದು ಆರಂಭದಲ್ಲೇ ಹೇಳುತ್ತೇನೆ, ರುಚಿಯ ಬಗೆಗಿನ ಮಾತನ್ನು ತಿದ್ದುವಂತಿಲ್ಲ. ಎರಡನೆಯದಕ್ಕೆ ಅವರು ಒಪ್ಪದಿದ್ದರೆ ‘ಪ್ರಾಮಾಣಿಕ’ ಎಂಬ ಪದವನ್ನು ಬಿಟ್ಟು ಉಳಿದದ್ದನ್ನು ಹೇಳಬಹುದು. ಮೊದಲನೆಯದಕ್ಕೇ ಒಪ್ಪದಿದ್ದರೆ ಕೆಲಸ ಬಿಡುವುದೇ ಲೇಸು.

ಕ್ಯಾಪ್ಶನ್‌ನಲ್ಲಿ ಮೊದಲ ಪದವೇ ‘ಜಾಹೀರಾತು’ ಆಗಿರಲಿ, ಇನ್ನಷ್ಟು ಓದಲು ಒತ್ತುವ ಮೊದಲೇ ಅದು ಕಾಣುತ್ತದೆ. ಇನ್‌ಸ್ಟಾಗ್ರಾಮಿನ Paid partnership ಗುರುತನ್ನೂ ಹಾಕಿ, ಆದರೆ ಅದೊಂದನ್ನೇ ನೆಚ್ಚಬೇಡಿ. ನಿಮ್ಮ ಸಾರು ನೋಡುವ ಅಜ್ಜಿಯರ ಕಣ್ಣಿಗೆ ಆ ಸಣ್ಣ ಇಂಗ್ಲಿಷ್ ಅಕ್ಷರ ಬೀಳುವುದು ಕಷ್ಟ. ಪರದೆಯ ಮೇಲಿನ ಲೇಬಲ್ಲನ್ನು ಮೇಲ್ಭಾಗದಲ್ಲಿ, ಗಾಢ ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ ಇಡಿ. ಕೆಳಗಿಟ್ಟರೆ ಕ್ಯಾಪ್ಶನ್, ಬಟನ್‌ಗಳು ಅದನ್ನು ಮುಚ್ಚುತ್ತವೆ, ಬಿಳಿ ಪಾತ್ರೆಯ ಮೇಲೆ ಬಿದ್ದ ಬಿಳಿ ಅಕ್ಷರ ಓದಲಾಗುವುದಿಲ್ಲ. ಈ ಲೇಬಲ್ ವಿಡಿಯೋದೊಳಗೇ ಇರಬೇಕೆನ್ನಲು ಇನ್ನೊಂದು ಕಾರಣವಿದೆ: ಯಾರೋ ರೀಲ್ ಇಳಿಸಿಕೊಂಡು ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಕಳಿಸಿದಾಗ ಕ್ಯಾಪ್ಶನ್ ಇಲ್ಲೇ ಉಳಿದುಬಿಡುತ್ತದೆ, ವಿಡಿಯೋ ಮಾತ್ರ ಊರಿಗೆ ಹೋಗುತ್ತದೆ.