ಡಬಲ್ ನ್ಯಾಟ್: ಹೊಸ ರೂಟರ್ ಬೇಡ, ಮೋಡೆಮನ್ನು ಬ್ರಿಡ್ಜಿಗೆ ಹಾಕಿ

ಪ್ರಶ್ನೆ: "ಸೋಮವಾರಪೇಟೆ ಹತ್ತಿರ ತೋಟದ ಮನೆ. ಫೈಬರ್ ಕಂಪನಿಯವರು ಕೊಟ್ಟ ಮೋಡೆಮ್‌ಗೆ ನನ್ನ ರೂಟರ್ ಜೋಡಿಸಿದ್ದೇನೆ. ನೆಟ್ ಚೆನ್ನಾಗಿ ಬರುತ್ತೆ, ಆದರೆ ಕಾಫಿ ಕಣದ ಕ್ಯಾಮೆರಾ ಮೈಸೂರಿನಿಂದ ತೆರೆಯೋದಿಲ್ಲ. ಪೋರ್ಟ್ ಫಾರ್ವರ್ಡ್ ಮಾಡಿ ಆಯ್ತು. ಡಬಲ್ ನ್ಯಾಟ್ ಅಂತಾರೆ. ಇನ್ನೂ ಒಳ್ಳೇ ರೂಟರ್ ತಗೋಬೇಕಾ?"

ಇನ್ನೊಂದು ರೂಟರಿಗೆ ದುಡ್ಡು ಹಾಕಬೇಡಿ. ನಾಪೋಕ್ಲು ಕಡೆಯ ನಮ್ಮ ಮನೆಯಲ್ಲೂ ಹೀಗೇ ಎರಡು ಪೆಟ್ಟಿಗೆ ಒಂದರ ಹಿಂದೊಂದು ಕೂತಿದ್ದವು, ನಾನು ಮೊದಲು ಮಾಡಿದ ಕೆಲಸವೂ ರೂಟರ್ ಬದಲಿಸಿದ್ದೇ. ಕ್ಯಾಮೆರಾ ತೆರೆಯಲಿಲ್ಲ. ತಡೆ ಇದ್ದದ್ದು ರೂಟರಿನಲ್ಲಲ್ಲ, ಅದರ ಮುಂದೆ ಕೂತ ಮೋಡೆಮಿನಲ್ಲಿ.

ಕಂಪನಿಯವರು ಕೊಡುವ ಪೆಟ್ಟಿಗೆಯನ್ನು ನಾವು ಮೋಡೆಮ್ ಅನ್ನುತ್ತೇವೆ, ಆದರೆ ಅದರೊಳಗೆ ಪೂರ್ತಿ ರೂಟರೂ ಇರುತ್ತದೆ. ಫೈಬರಿನ ಬೆಳಕನ್ನು ಬಿಡಿಸಿಕೊಳ್ಳುವುದು ಅದರ ಒಂದು ಕೆಲಸ. ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಕಂಪನಿಗೆ ಡಯಲ್ ಮಾಡುವುದು, ಮನೆಯವರಿಗೆಲ್ಲ ಐಪಿ ಹಂಚುವುದು, ಅವರೆಲ್ಲರ ಮಾತನ್ನೂ ಹೊರಗಿನ ಒಂದೇ ಐಪಿಯ ಹೆಸರಲ್ಲಿ ಕಳಿಸುವುದು, ಅಂದರೆ ನ್ಯಾಟ್ ಮಾಡುವುದು ಇನ್ನೊಂದು. ಈ ಎರಡನೇ ಕೆಲಸವನ್ನೇ ನಿಮ್ಮ ರೂಟರ್ ಕೂಡ ಮಾಡುತ್ತಿದೆ. ಒಂದೇ ಕೆಲಸ ಎರಡು ಸಲ ಆಗುವುದೇ ಡಬಲ್ ನ್ಯಾಟ್.

ಅಂಕಿ ಹಾಕಿ ನೋಡೋಣ. ಕ್ಯಾಮೆರಾದ ಡಿವಿಆರ್ 192.168.0.50ರಲ್ಲಿ ಇದೆ, ಅದರ ಪೋರ್ಟ್ 8000 ಅಂದುಕೊಳ್ಳಿ. ನಿಮ್ಮ ರೂಟರಿನ ಮನೆಕಡೆ ಐಪಿ 192.168.0.1, ಮೋಡೆಮ್ ಅದಕ್ಕೆ ಕೊಟ್ಟ ಹೊರಕಡೆ ಐಪಿ, ಅಂದರೆ ವ್ಯಾನ್ ಐಪಿ, 192.168.1.2. ಮೋಡೆಮ್ ತಾನು 192.168.1.1, ಹೊರಗಿನ ಜಗತ್ತಿಗೆ ಕಾಣುವ ಐಪಿ ಅದರ ಬಳಿ ಮಾತ್ರ ಇದೆ; ಉದಾಹರಣೆಗೆ 203.0.113.25. ಮನೆಯಿಂದ ಹೊರಟ ಪ್ರತಿ ಮಾತನ್ನೂ ಎರಡೂ ಪೆಟ್ಟಿಗೆಗಳು ತಮ್ಮ ತಮ್ಮ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತವೆ, ಉತ್ತರ ಬಂದಾಗ ಪಟ್ಟಿ ನೋಡಿ ಒಳಗೆ ಬಿಡುತ್ತವೆ. ಅದಕ್ಕೇ ವಿಡಿಯೊ, ವಾಟ್ಸಾಪ್, ಬ್ಯಾಂಕು ಎಲ್ಲ ಸರಾಗ. ಮೈಸೂರಿನಿಂದ ನೀವು ಕ್ಯಾಮೆರಾ ಕೇಳಿದಾಗ ಮಾತು ಶುರುವಾಗುವುದು ಹೊರಗಿನಿಂದ. ಅದು 203.0.113.25ರ 8000ನೇ ಪೋರ್ಟಿಗೆ ಬರುತ್ತದೆ, ಮೋಡೆಮಿನ ಪಟ್ಟಿಯಲ್ಲಿ ಅಂಥ ಹೆಸರಿಲ್ಲ, ಅಲ್ಲೇ ಬಿಸಾಡುತ್ತದೆ. ನೀವು ರೂಟರಿನಲ್ಲಿ ಬರೆದ ಫಾರ್ವರ್ಡ್ ಸರಿಯಾಗಿಯೇ ಇರಬಹುದು, ಅದರ ತನಕ ಮಾತು ಬಂದು ತಲುಪುವುದೇ ಇಲ್ಲ.

ಹಾಗಾಗಿ "ಡಬಲ್ ನ್ಯಾಟ್‌ನಿಂದ ನೆಟ್ ಸ್ಲೋ" ಅನ್ನುವವರ ಮಾತು ನಂಬಬೇಡಿ, ಮನೆಬಳಕೆಯಲ್ಲಿ ಅದರಿಂದ ವೇಗಕ್ಕೆ ಆಗುವ ನಷ್ಟ ಗೊತ್ತೇ ಆಗುವುದಿಲ್ಲ. ಪೆಟ್ಟು ಬೀಳುವುದು ಹೊರಗಿನಿಂದ ಒಳಗೆ ಬರಬೇಕಾದದ್ದಕ್ಕೆ ಮಾತ್ರ: ಕ್ಯಾಮೆರಾ, ಮನೆಯ ವಿಪಿಎನ್, ಮಕ್ಕಳ ಗೇಮ್ ಕನ್ಸೋಲ್. ಇವು ಯಾವುದೂ ಬೇಡ ಎನ್ನುವವರು ರೂಟರನ್ನು ಬರೀ ವೈಫೈ ಹಂಚುವ ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿಬಿಟ್ಟರೆ ಸಾಕು, ಬ್ರಿಡ್ಜಿನ ಗೋಜೇ ಬೇಡ. ನಿಮಗೆ ಬೇಕು.

ಮುಟ್ಟುವ ಮೊದಲು ಖಾತ್ರಿ ಮಾಡಿಕೊಳ್ಳಿ. ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ನೋಡಿ. ಅದು 192.168 ಅಥವಾ 10ರಿಂದ ಶುರುವಾದರೆ, ಇಲ್ಲವೇ 172.16ರಿಂದ 172.31ರ ಒಳಗಿದ್ದರೆ, ಅದು ಖಾಸಗಿ ಐಪಿ, ಮುಂದೆ ಇನ್ನೊಂದು ನ್ಯಾಟ್ ಇದೆ ಎಂದರ್ಥ. ಲ್ಯಾಪ್‌ಟಾಪಿನಿಂದಲೂ ನೋಡಬಹುದು:

```
tracert -d 8.8.8.8
  1   192.168.0.1
  2   192.168.1.1
```

ಮೊದಲ ಸಾಲು ನಿಮ್ಮ ರೂಟರ್, ಎರಡನೆಯದು ಮೋಡೆಮ್. ಮೂರನೇ ಸಾಲಿನಲ್ಲಿ 10ರಿಂದ ಶುರುವಾಗುವ ಐಪಿ ಕಂಡರೆ ಗಾಬರಿ ಬೇಡ. ಕಂಪನಿಗಳು ತಮ್ಮ ಒಳಗಿನ ಯಂತ್ರಗಳಿಗೆ ಅಂಥ ನಂಬರ್ ಕೊಟ್ಟಿರುತ್ತವೆ, ಅಲ್ಲಿ ನ್ಯಾಟ್ ಇರಲೇಬೇಕೆಂದಿಲ್ಲ.

ಈಗ ಮೋಡೆಮಿನ ವ್ಯಾನ್ ಐಪಿಯನ್ನೂ ನೋಡಿ. ಅದು 100.64ರಿಂದ 100.127ರ ಒಳಗಿದ್ದರೆ ಕಂಪನಿಯೇ ತನ್ನ ಕಡೆ ನ್ಯಾಟ್ ಮಾಡುತ್ತಿದೆ. 2012ರಲ್ಲಿ ಆ ಸರಣಿಯನ್ನು ಇದಕ್ಕೆಂದೇ ಮೀಸಲಿಟ್ಟರು. ಮೋಡೆಮಿನ ಐಪಿಯೂ, "ವಾಟ್ ಈಸ್ ಮೈ ಐಪಿ" ಅಂತ ಹುಡುಕಿದಾಗ ಕಾಣುವ ಐಪಿಯೂ ಬೇರೆ ಬೇರೆ ಇದ್ದರೂ ಕಥೆ ಅದೇ. ಆಗ ಬ್ರಿಡ್ಜ್ ಮಾಡಿ ಪ್ರಯೋಜನವಿಲ್ಲ. ಕಂಪನಿಯಿಂದ ಸ್ಟ್ಯಾಟಿಕ್ ಐಪಿ ಕೇಳಿ ಪಡೆಯಬೇಕು, ಇಲ್ಲದಿದ್ದರೆ ಡಿವಿಆರ್ ಕಂಪನಿಯ ಆ್ಯಪ್ ಮೂಲಕವೇ ನೋಡಬೇಕು.

ಬ್ರಿಡ್ಜ್ ಮೋಡ್ ಎಂದರೆ ಮೋಡೆಮಿನ ಎರಡನೇ ಕೆಲಸವನ್ನು ಕಿತ್ತುಕೊಳ್ಳುವುದು. ಅದು ಬೆಳಕನ್ನು ಬಿಡಿಸಿ ಕೇಬಲ್ಲಿಗೆ ದಾಟಿಸುತ್ತದೆ, ಅಷ್ಟೆ. ಡಯಲ್ ಮಾಡುವುದು ನಿಮ್ಮ ರೂಟರ್, 203.0.113.25 ಬಂದು ಕೂರುವುದೂ ರೂಟರಿನ ಮೇಲೆ. ಪಟ್ಟಿ ಒಂದೇ, ಫಾರ್ವರ್ಡ್ ಒಂದೇ ಕಡೆ.

ನಾನು ಎಡವಿದ್ದು ಇಲ್ಲೇ, ಇದನ್ನು ಬಿಡಿಸಿ ಹೇಳಲೇಬೇಕು. ಡಯಲ್ ಮಾಡುವವರು ಬದಲಾದರೆ ಡಯಲಿಗೆ ಬೇಕಾದದ್ದೂ ಕೈಬದಲಾಗಬೇಕು. ನಾನು ಮೋಡೆಮಿನ ವ್ಯಾನ್ ಪುಟ ತೆರೆದು, `Route` ಇದ್ದದ್ದನ್ನು `Bridge` ಮಾಡಿ ಸೇವ್ ಒತ್ತಿದೆ. ಆ ಕ್ಷಣವೇ ಪುಟದಲ್ಲಿದ್ದ ಯೂಸರ್‌ನೇಮ್, ಪಾಸ್‌ವರ್ಡಿನ ಖಾನೆಗಳು ಮಾಯವಾದವು, ಬ್ರಿಡ್ಜಿಗೆ ಅವು ಬೇಕಿಲ್ಲವಲ್ಲ. ರೂಟರಿನಲ್ಲಿ ಅವನ್ನು ಕೇಳಿದಾಗ ನನ್ನ ಬಳಿ ಬರೆದದ್ದೇನೂ ಇರಲಿಲ್ಲ. ವಾಪಸ್ `Route` ಮಾಡಿದೆ, ಖಾನೆಗಳು ಖಾಲಿಯಾಗಿ ಬಂದವು. ಗಾಬರಿಯಲ್ಲಿ ಸೂಜಿ ಚುಚ್ಚಿ ರಿಸೆಟ್ ಮಾಡಿದೆ, ಅದು ಇನ್ನೂ ದೊಡ್ಡ ತಪ್ಪು. ರಿಸೆಟ್ ಮಾಡಿದರೆ ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಹೋಗುತ್ತದೆ, ಲೈನ್‌ಮನ್ ಬಂದು ತುಂಬಿಸಿದ್ದ ಸ್ಥಿತಿಗೆ ಅಲ್ಲ. ಯೂಸರ್‌ನೇಮ್ ಹೋಯಿತು, ಕಂಪನಿಯ ಲೈನಿನಲ್ಲಿ ನೆಟ್ ಯಾವ ದಾರಿಯಲ್ಲಿ ಬರಬೇಕೆಂದು ಹೇಳುವ ವಿಲ್ಯಾನ್ ನಂಬರ್ ಹೋಯಿತು, ಲ್ಯಾಂಡ್‌ಲೈನ್ ಫೋನಿನ ಸೆಟ್ಟಿಂಗೂ ಹೋಯಿತು. ಕೆಲವು ಮೋಡೆಮ್‌ಗಳಲ್ಲಿ ಕಂಪನಿ ಕಡೆಯ ಯಂತ್ರ ಮೋಡೆಮನ್ನು ಗುರುತು ಹಿಡಿಯುವ ಕೋಡ್ ಕೂಡ ಅಳಿಸಿಹೋಗುತ್ತದೆ, ಆಗ ಫೈಬರ್ ಲೈನ್ ಸಿಕ್ಕಿದ್ದನ್ನು ತೋರಿಸುವ ಪಿಒಎನ್ ದೀಪವೇ ಸ್ಥಿರವಾಗುವುದಿಲ್ಲ. ಆಟಿ ತಿಂಗಳ ಮಳೆ, ದಾರಿಯಲ್ಲಿ ಮರ ಬಿದ್ದಿತ್ತು, ಲೈನ್‌ಮನ್ ಬರಲು ನಾಲ್ಕು ದಿನ ಹಿಡಿಯಿತು.

ಅದಕ್ಕೇ ಮೊದಲು ವ್ಯಾನ್ ಪುಟದ ಪ್ರತಿಯೊಂದು ಸಾಲಿಗೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಸಾಲಿನ ಹೆಸರಲ್ಲೇ ಬಹಳಷ್ಟು ವಿಷಯ ಇರುತ್ತದೆ. ಹಲವು ಮೋಡೆಮ್‌ಗಳಲ್ಲಿ `1_INTERNET_R_VID_100` ಅಂತ ಇದ್ದರೆ `R` ಅಂದರೆ ರೂಟ್, 100 ಅಂದರೆ ವಿಲ್ಯಾನ್ ನಂಬರ್. ನಿಮ್ಮದು ಬೇರೆ ಇರುತ್ತದೆ. ಬ್ರಿಡ್ಜ್ ಆದಮೇಲೆ ಅದು `1_INTERNET_B_VID_100` ಆಗುತ್ತದೆ. ಪಾಸ್‌ವರ್ಡ್ ಚುಕ್ಕಿ ಚುಕ್ಕಿಯಾಗಿ ಕಾಣುವುದರಿಂದ ಫೋಟೊದಲ್ಲಿ ಸಿಗುವುದಿಲ್ಲ, ಕಸ್ಟಮರ್ ಕೇರಿಗೆ ಫೋನ್ ಮಾಡಿ ಕೇಳಿ ಬರೆದಿಟ್ಟುಕೊಳ್ಳಿ. ಜೊತೆಗೆ "ಬ್ರಿಡ್ಜ್ ಮಾಡಿಕೊಡ್ತೀರಾ" ಅಂತಲೂ ಕೇಳಿ. ಕೆಲವರು ಅಲ್ಲಿಂದಲೇ ಮಾಡಿಕೊಡುತ್ತಾರೆ, ಆದರೂ ಪಾಸ್‌ವರ್ಡ್ ಕೈಗೆ ಸಿಗುವ ತನಕ ಒಪ್ಪಬೇಡಿ.

ಕೆಲಸಕ್ಕೆ ಕೂರುವುದು ಕಸ್ಟಮರ್ ಕೇರ್ ಫೋನ್ ಎತ್ತುವ ಹೊತ್ತಿನಲ್ಲಿ. ಲ್ಯಾಪ್‌ಟಾಪನ್ನು ಕೇಬಲಿನಿಂದ ಮೋಡೆಮಿನ ಎರಡನೇ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ, ವೈಫೈ ಮೇಲೆ ಮಾಡಬೇಡಿ. ಇಂಟರ್‌ನೆಟ್ ಸಾಲನ್ನು ಮಾತ್ರ `Bridge` ಮಾಡಿ, ವಿಲ್ಯಾನ್ ನಂಬರ್ ಇದ್ದದ್ದು ಹಾಗೇ ಇರಲಿ, ಪೋರ್ಟ್ ಬೈಂಡಿಂಗಿನಲ್ಲಿ `LAN1` ಒಂದಕ್ಕೇ ಟಿಕ್ ಹಾಕಿ. `VOIP` ಮತ್ತು `TR069` ಅಂತ ಇರುವ ಸಾಲುಗಳನ್ನು ಮುಟ್ಟಬೇಡಿ. ಮೊದಲನೆಯದು ನಿಮ್ಮ ಲ್ಯಾಂಡ್‌ಲೈನ್, ಎರಡನೆಯದರಲ್ಲಿ ಕಂಪನಿ ದೂರದಿಂದ ಮೋಡೆಮ್ ನೋಡಿಕೊಳ್ಳುತ್ತದೆ. ಆಮೇಲೆ ಮೋಡೆಮಿನ ವೈಫೈ ಆಫ್ ಮಾಡಿ. ಲ್ಯಾನ್ 1ರಿಂದ ರೂಟರಿನ ವ್ಯಾನ್ ಪೋರ್ಟಿಗೆ ಕೇಬಲ್ ಹಾಕಿ, ರೂಟರಿನಲ್ಲಿ ಕನೆಕ್ಷನ್ ಬಗೆ `PPPoE`, ಬರೆದಿಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಕೊಡಿ, `MTU` 1492 ಇರಲಿ. ಮಾಮೂಲಿ 1500 ಬೈಟಿನಲ್ಲಿ 8 ಬೈಟು ಈ ಡಯಲಿನ ತಲೆಬರಹಕ್ಕೇ ಹೋಗುತ್ತದೆ. 1500 ಇಟ್ಟು ಕೆಲವು ಸೈಟ್ ತೆರೆದು ಕೆಲವು ತೆರೆಯದೆ ಸುಮ್ಮನೆ ತಿರುಗುತ್ತಿದ್ದರೆ ಇದನ್ನೇ ಮೊದಲು ನೋಡಿ.

ಎರಡನ್ನೂ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಮೋಡೆಮಿನ ಹಳೆಯ ಡಯಲ್ ಕಂಪನಿಯ ಕಡೆ ಇನ್ನೂ ಜೀವಂತ ಇರುತ್ತದೆ, ಒಂದು ಹೆಸರಿಗೆ ಒಂದೇ ಡಯಲ್ ಬಿಡುವ ಕಡೆ ಹೊಸದನ್ನು ಒಳಗೆ ಬಿಡುವುದಿಲ್ಲ. ಆಮೇಲೆ ಮೋಡೆಮ್ ಆನ್ ಮಾಡಿ, ಪಿಒಎನ್ ದೀಪ ಸ್ಥಿರವಾದಮೇಲೆ ರೂಟರ್.

ಕನೆಕ್ಟ್ ಆಗದಿದ್ದರೆ ರೂಟರಿನ ಲಾಗ್ ಓದಿ. "ಸರ್ವರ್ ಉತ್ತರಿಸಲಿಲ್ಲ" ಎಂದಿದ್ದರೆ ಪಾಸ್‌ವರ್ಡಿನ ದೋಷ ಅಲ್ಲವೇ ಅಲ್ಲ, ಡಯಲ್ ಕಂಪನಿಯ ತನಕ ಹೋಗಿಯೇ ಇಲ್ಲ. ವಿಲ್ಯಾನ್ ನಂಬರ್ ತಪ್ಪಿದೆ, ಇಲ್ಲವೇ ಕೇಬಲ್ ಲ್ಯಾನ್ 1 ಬಿಟ್ಟು ಬೇರೆ ಪೋರ್ಟಿನಲ್ಲಿದೆ. "ಅಥೆಂಟಿಕೇಶನ್ ಫೇಲ್ಡ್" ಎಂದಿದ್ದರೆ ದಾರಿ ಸರಿ ಇದೆ, ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ಎರಡೂ ಸರಿ ಇದ್ದು ಹೀಗಾದರೆ ಕಂಪನಿಯವರು ಮೋಡೆಮಿನ ಮ್ಯಾಕ್ ವಿಳಾಸಕ್ಕೆ ನಿಮ್ಮ ಖಾತೆಯನ್ನು ಕಟ್ಟಿರಬಹುದು. "ಮ್ಯಾಕ್ ರಿಲೀಸ್ ಮಾಡಿ" ಅಂತ ಫೋನಿನಲ್ಲಿ ಹೇಳಿದರೆ ಬಿಡಿಸಿಕೊಡುತ್ತಾರೆ.

ಕನೆಕ್ಟ್ ಆದಮೇಲೆ ರೂಟರಿನ ವ್ಯಾನ್ ಐಪಿಯೂ ಹೊರಗೆ ಕಾಣುವ ಐಪಿಯೂ ಒಂದೇ ಆಗಿರಬೇಕು. ನಮ್ಮಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಈ ಐಪಿ ಬದಲಾಗಬಹುದು, ರೂಟರಿನಲ್ಲಿ `DDNS` ಹಾಕಿ ಒಂದು ಹೆಸರು ಕಟ್ಟಿಕೊಳ್ಳಿ. ಎರಡು ನ್ಯಾಟ್ ಇದ್ದಾಗ ಹಲವು ರೂಟರ್‌ಗಳು ಅಲ್ಲಿ 192.168.1.2 ಅಂತ ಬರೆದುಬಿಡುತ್ತಿದ್ದವು, ಈಗ ನಿಜವಾದ ಐಪಿ ಹೋಗುತ್ತದೆ.

ಇನ್ನು ಡಿವಿಆರಿನ 8000 ಪೋರ್ಟನ್ನು ಫಾರ್ವರ್ಡ್ ಮಾಡಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಎರಡು ಬಾಗಿಲಿತ್ತು, ಈಗ ಇರುವುದು ರೂಟರ್ ಒಂದೇ, ಹಳೆಯ ಡಿವಿಆರಿನ ಸಾಫ್ಟ್‌ವೇರಿಗೆ ಅಪ್‌ಡೇಟ್ ಬರುವುದು ಅಪರೂಪ. ರೂಟರಿನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ ಇದ್ದರೆ ಅದನ್ನು ಆನ್ ಮಾಡಿ, ಮೊಬೈಲಿನಲ್ಲಿ ಅದರ ಆ್ಯಪ್ ಹಾಕಿ. ಮೈಸೂರಿನಲ್ಲಿ ಕೂತು ಮನೆಯೊಳಗೆ ಇದ್ದಂತೆಯೇ 192.168.0.50 ತೆರೆಯಬಹುದು. ರೂಟರಿನ ಪಾಸ್‌ವರ್ಡ್ ಬದಲಿಸಿ, ರಿಮೋಟ್ ಮ್ಯಾನೇಜ್‌ಮೆಂಟ್ ಆಫ್ ಇಡಿ.

ಪರೀಕ್ಷೆ ಮಾಡುವಾಗ ಮೊಬೈಲಿನ ವೈಫೈ ಆಫ್ ಮಾಡಿ, ಸಿಮ್ಮಿನ ಡೇಟಾದಲ್ಲೇ ನೋಡಿ. ಮನೆಯ ವೈಫೈನಿಂದ ಮನೆಯದೇ ಹೊರಗಿನ ಐಪಿಯನ್ನು ತೆರೆಯಲು ಎಲ್ಲ ರೂಟರುಗಳೂ ಬಿಡುವುದಿಲ್ಲ, ಸರಿಯಾದದ್ದೂ ಕೆಟ್ಟಂತೆ ಕಾಣುತ್ತದೆ. ತೋಟದೊಳಗೆ ಸಿಗ್ನಲ್ ಇಲ್ಲದಿದ್ದರೆ ಮೈಸೂರಿನಲ್ಲಿರುವವರ ಮೊಬೈಲಿಗೇ ಆ್ಯಪ್ ಹಾಕಿಸಿ, ಅವರು ತೆರೆದು ಕಣದಲ್ಲಿ ಹರಡಿದ ಕಾಫಿ ಕಾಣುತ್ತಿದೆಯೇ ಎಂದು ಫೋನಿನಲ್ಲಿ ಕೇಳಿ.